ನಾಲ್ಕು ವರ್ಷದಿಂದ ಮಾತಿಲ್ಲದ ಇಬ್ಬರನ್ನು ಒಟ್ಟಿಗೆ ಕೂರಿಸುವುದು ಹೇಗೆ?

ಪ್ರಶ್ನೆ: ನಮ್ಮ ಆಫೀಸಿನಲ್ಲಿ ಇಬ್ಬರು ಸಹೋದ್ಯೋಗಿಗಳ ನಡುವೆ 4 ವರ್ಷದಿಂದ ಮಾತಿಲ್ಲ. ಏನಿದ್ದರೂ ಮೇಲ್‌ನಲ್ಲೇ, ಅದೂ ಚುಚ್ಚಿ ಚುಚ್ಚಿ. ನಾನು ಬೇರೆ ವಿಭಾಗದ ಸೀನಿಯರ್. ಇಬ್ಬರೂ ನನ್ನ ಮಾತು ಕೇಳುತ್ತಾರೆ ಅಂತ ಮ್ಯಾನೇಜರ್ ಇದನ್ನು ನನಗೆ ಒಪ್ಪಿಸಿದ್ದಾರೆ. ಒಂದು ಸಲ ಇಬ್ಬರನ್ನೂ ಕರೆದು ಕೂರಿಸಿದೆ. ಹತ್ತೇ ನಿಮಿಷದಲ್ಲಿ ಜಗಳವಾಗಿ ಒಬ್ಬರು ಎದ್ದು ಹೋದರು. ಇನ್ನೊಂದು ಸಲ ಪ್ರಯತ್ನಿಸಬೇಕಾ? ಹೇಗೆ?

ಉತ್ತರ: ಪ್ರಯತ್ನಿಸಬಹುದು. ಆದರೆ ಮುಂದಿನ ವಾರವೇ ಬೇಡ, ಮತ್ತು ಶುರು ಇಬ್ಬರನ್ನೂ ಒಟ್ಟಿಗೆ ಕೂರಿಸುವುದರಿಂದ ಬೇಡ.

ಆ ಹತ್ತು ನಿಮಿಷದಲ್ಲಿ ಏನಾಯಿತು ಅಂತ ನೀವು ಬರೆದಿಲ್ಲ. ನನ್ನ ಊಹೆ ಹೇಳುತ್ತೇನೆ. ಕೂತ ತಕ್ಷಣ ನೀವು "ಆದದ್ದು ಆಯ್ತು, ಹಳೇದೆಲ್ಲ ಬಿಟ್ಟು ಮುಂದೆ ನೋಡೋಣ" ಅಂದಿರಬೇಕು. ಸೀನಿಯರ್‌ಗಳು ಬಹುತೇಕ ಇದನ್ನೇ ಹೇಳುತ್ತಾರೆ, ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಕೇಳುವವರ ಕಿವಿಗೆ ಅದು ಬೇರೆಯೇ ಆಗಿ ಬೀಳುತ್ತದೆ. "ನಾಲ್ಕು ವರ್ಷ ನಾನು ಅನುಭವಿಸಿದ್ದನ್ನು ಯಾರೂ ಕೇಳಲಿಲ್ಲ, ಈಗ ನುಂಗಿಕೋ ಅಂತಿದ್ದಾರೆ" ಅಂತ ಇಬ್ಬರಿಗೂ ಅನ್ನಿಸುತ್ತದೆ. ಆಮೇಲೆ ಒಬ್ಬರು ಹಳೆಯದನ್ನು ಎತ್ತುತ್ತಾರೆ. ಇನ್ನೊಬ್ಬರು "ನೋಡಿ, ಮತ್ತೆ ಶುರು ಮಾಡಿದರು" ಅನ್ನುತ್ತಾರೆ. ಅಲ್ಲಿಗೆ ಮುಗಿಯಿತು.

ಮುಂದಿನ ಹೆಜ್ಜೆಗೆ ಮೊದಲು ಒಂದು ವಿಷಯ ಖಚಿತ ಮಾಡಿಕೊಳ್ಳಿ. ಇದು ಮಧ್ಯಸ್ಥಿಕೆಗೆ ಬರುವ ಜಗಳವೇ ಹೌದಾ? ಬೆದರಿಕೆ, ಲೈಂಗಿಕ ಕಿರುಕುಳ, ಕೈಕೆಳಗಿನವರನ್ನು ಬೇಕಂತಲೇ ಅವಮಾನಿಸುವುದು, ಇಂಥ ದೂರು ಇದ್ದರೆ ಇಬ್ಬರನ್ನೂ ಸಮನಾಗಿ ಕೂರಿಸುವುದೇ ತಪ್ಪು. ಅದು ಸಂಸ್ಥೆಯ ದೂರು ವ್ಯವಸ್ಥೆಗೆ ಹೋಗಬೇಕು. ಒಂದೇ ಕೆಲಸವನ್ನು ಇಬ್ಬರಿಗೂ ಹಂಚಿ, ಕೊನೆಯ ಮಾತು ಯಾರದು ಅಂತ ಮ್ಯಾನೇಜರ್ ಹೇಳದೇ ಬಿಟ್ಟಿದ್ದರೆ, ಮೊದಲು ಕೂರಬೇಕಾದವರು ಮ್ಯಾನೇಜರ್. ಇನ್ನೊಂದು: ಅವರಲ್ಲಿ ಒಬ್ಬರ ವಾರ್ಷಿಕ ಮೌಲ್ಯಮಾಪನದಲ್ಲಿ ನಿಮ್ಮ ಕೈ ಇದ್ದರೂ ಈ ಕೆಲಸ ಒಪ್ಪಿಕೊಳ್ಳಬೇಡಿ. ನಿಮ್ಮ ಮುಂದೆ ಅವರು ನಿಜ ಹೇಳುವುದಿಲ್ಲ, ಹೇಳಲೂಬಾರದು.

ಇದೆಲ್ಲ ಇಲ್ಲ ಅಂತಾದರೆ ಮ್ಯಾನೇಜರ್ ಜೊತೆ ಹತ್ತು ನಿಮಿಷ ಮಾತಾಡಿ. ಒಂದೇ ಷರತ್ತು: ಕೋಣೆಯಲ್ಲಿ ಯಾರು ಏನು ಹೇಳಿದರು ಅಂತ ನೀವು ಅವರಿಗೆ ಹೇಳುವುದಿಲ್ಲ. ಕೂತರೋ ಇಲ್ಲವೋ ಅನ್ನುವುದು ಮತ್ತು ಕೊನೆಗೆ ಇಬ್ಬರೂ ಸೇರಿ ಹೇಳಬಹುದು ಅಂದದ್ದು ಮಾತ್ರ ಅವರಿಗೆ ತಲುಪುತ್ತದೆ. ಯಾರದಾದರೂ ಸುರಕ್ಷತೆಗೆ ಅಪಾಯ ಕಂಡರೆ ಆ ಮಾತು ಬೇರೆ, ಅದನ್ನು ಮೂವರಿಗೂ ಮೊದಲೇ ಹೇಳಿಬಿಡಿ. ಮ್ಯಾನೇಜರ್ ಇದಕ್ಕೆ ಒಪ್ಪದಿದ್ದರೆ ಅವರಿಗೆ ಬೇಕಿರುವುದು ವರದಿ, ಮಧ್ಯಸ್ಥಿಕೆ ಅಲ್ಲ.

ಈಗ ನಾನು ಕೂತ ಒಂದು ಪ್ರಕರಣ ಹೇಳುತ್ತೇನೆ. ಗುರುತು ಸಿಗದ ಹಾಗೆ ಒಂದಿಷ್ಟು ಬದಲಾಯಿಸಿದ್ದೇನೆ. ಒಬ್ಬರು ಬಿಲ್ಲಿಂಗ್ ನೋಡುವವರು, ಇನ್ನೊಬ್ಬರು ಅಕೌಂಟ್ಸ್‌ನಲ್ಲಿ ತಿಂಗಳ ಲೆಕ್ಕ ಮುಗಿಸುವವರು. ಬಿಲ್ಲಿಂಗ್‌ನಿಂದ ಫೈಲ್ ಬಂದ ಮೇಲೆಯೇ ಲೆಕ್ಕ ಮುಗಿಯುವುದು. ಫೈಲ್ ಪ್ರತಿ ತಿಂಗಳೂ ಕೊನೆಯ ದಿನ ಸಂಜೆಗೆ ಬರುತ್ತಿತ್ತು. ಅದರಲ್ಲಿ ತಪ್ಪು ಸಿಕ್ಕಿದರೆ ಅಕೌಂಟ್ಸ್‌ನವರು ಮ್ಯಾನೇಜರ್‌ಗೆ ಸಿಸಿ ಹಾಕಿ ಮೇಲ್ ಕಳಿಸುತ್ತಿದ್ದರು. 3 ವರ್ಷ ಹೀಗೇ ನಡೆದಿತ್ತು. ಒಂದೇ ಮಹಡಿಯಲ್ಲಿ ಕೂರುವ ಇವರು ಎದುರಾದರೆ ಮುಖ ತಿರುಗಿಸುತ್ತಿದ್ದರು.

ಇಬ್ಬರನ್ನೂ ಮೊದಲು ಬೇರೆ ಬೇರೆಯಾಗಿ ಮಾತಾಡಿಸಿದೆ. ಒಂದೇ ವಾರದಲ್ಲಿ, ತಲಾ ಒಂದು ಗಂಟೆ. ಈ ಸಮಾನತೆ ಮುಖ್ಯ. ಒಬ್ಬರ ಜೊತೆ ಎರಡು ಗಂಟೆ, ಇನ್ನೊಬ್ಬರ ಜೊತೆ ಅರ್ಧ ಗಂಟೆ ಕೂತರೆ ಸುದ್ದಿ ಹೇಗೋ ತಲುಪುತ್ತದೆ, ನೀವು ಯಾರ ಕಡೆ ಅನ್ನುವ ಲೆಕ್ಕ ಶುರುವಾಗುತ್ತದೆ. ಈ ಭೇಟಿಯಲ್ಲಿ ಸಲಹೆ ಕೊಡಲು ಹೋಗಬೇಡಿ. ನನ್ನ ಪ್ರಶ್ನೆಗಳು ಮೂರು ನಾಲ್ಕೇ. "ಏನೋ ಸರಿ ಇಲ್ಲ ಅಂತ ಮೊದಲ ಸಲ ಅನ್ನಿಸಿದ್ದು ಯಾವಾಗ?" ಇದಕ್ಕೆ "ಅವರು ಯಾವಾಗಲೂ ಹಾಗೇ" ಅಂತ ಉತ್ತರ ಬಂದರೆ ಬಿಡಬೇಡಿ. ಒಂದು ದಿನ, ಒಂದು ಘಟನೆ, ಯಾರು ಏನು ಹೇಳಿದರು ಅನ್ನುವಲ್ಲಿಗೆ ಮೆಲ್ಲಗೆ ತನ್ನಿ. ಆಮೇಲೆ "ಇದು ಹೀಗೇ ಇದ್ದರೆ ಆರು ತಿಂಗಳಲ್ಲಿ ನಿಮಗೆ ಏನಾಗುತ್ತೆ?" ಕೊನೆಗೆ "ಇದೇ ಕಥೆ ಅವರು ಹೇಳಿದರೆ ಹೇಗೆ ಹೇಳಬಹುದು?"

ಈ ಕೊನೆಯ ಪ್ರಶ್ನೆ ನನ್ನ ಅಳತೆಗೋಲು. ಸಿಟ್ಟಿನಿಂದಲೇ ಆಗಲಿ, "ನಾನು ಎಲ್ಲದಕ್ಕೂ ಸಿಸಿ ಹಾಕ್ತೀನಿ ಅಂತಾರೆ, ಮತ್ತೇನು" ಅಂತ ಒಬ್ಬರು ಹೇಳಿದರೆ ಸಾಕು. ಎದುರಿನವರಿಗೂ ಒಂದು ಕಥೆ ಇದೆ ಅನ್ನುವುದು ಅವರಿಗೆ ಗೊತ್ತಿದೆ. ಬರೀ ಅಣಕಿಸಿದರೆ, ಇಲ್ಲವೇ "ಅವರಿಗೆ ಹೇಳೋಕೆ ಏನೂ ಇಲ್ಲ" ಅಂದರೆ ಒಟ್ಟಿಗೆ ಕೂರಲು ಇನ್ನೂ ಸಮಯ ಬೇಕು. ಇನ್ನೊಂದು ಬೇರೆ ಭೇಟಿ ಇಟ್ಟುಕೊಳ್ಳಿ. ಎರಡನೆಯದರಲ್ಲೂ ಹಾಗೇ ಆದರೆ ಒಟ್ಟಿಗೆ ಕೂರಿಸುವ ಯೋಚನೆಯನ್ನೇ ಬಿಡಿ. ನೀವೇ ಅತ್ತಿತ್ತ ಓಡಾಡಿ ಕೆಲಸದ ನಾಲ್ಕು ವಿಷಯ ಇತ್ಯರ್ಥ ಮಾಡುವುದು ವಾಸಿ.

ಬಿಲ್ಲಿಂಗ್‌ನವರ ಮೊದಲ ಘಟನೆ ಒಂದು ಮೇಲ್. ಎರಡು ಅಂಕಿ ಅದಲು ಬದಲಾಗಿತ್ತು, ಅಷ್ಟೇ. ಅದು ಮ್ಯಾನೇಜರ್‌ಗೂ, ಅವರ ಮೇಲಿನವರಿಗೂ ಹೋಗಿತ್ತು. "ಹತ್ತು ಹೆಜ್ಜೆ ನಡೆದು ಬಂದು ಹೇಳಬಹುದಿತ್ತು ಮೇಡಂ. ಊರಿಗೆಲ್ಲ ಡಂಗುರ ಹೊಡೆದರು." ಅಕೌಂಟ್ಸ್‌ನವರ ಮೊದಲ ಘಟನೆ ಅದಕ್ಕಿಂತ ಹಳೆಯದು. ಒಂದು ವರ್ಷದ ಕೊನೆಯ ಲೆಕ್ಕದಲ್ಲಿ ತಪ್ಪು ಉಳಿದುಹೋಗಿತ್ತು. ತಪ್ಪು ಬಂದದ್ದು ಬಿಲ್ಲಿಂಗ್ ಫೈಲ್‌ನಿಂದ. ಬೈಸಿಕೊಂಡದ್ದು ಇವರೊಬ್ಬರೇ. ಬಾಯಿಮಾತಿನಲ್ಲಿ ಹೇಳಿದ್ದೆ ಅಂದರೆ ಯಾರೂ ನಂಬಲಿಲ್ಲ. ಅಂದಿನಿಂದ ಎಲ್ಲವೂ ಬರವಣಿಗೆಯಲ್ಲೇ, ಎಲ್ಲದಕ್ಕೂ ಸಿಸಿ.

ನಮ್ಮಿಂದ ತಡವಾದರೆ ಅದಕ್ಕೆ ಸನ್ನಿವೇಶ ಕಾರಣ, ಅವರಿಂದ ತಡವಾದರೆ ಅದು ಅವರ ಗುಣ. ಎದುರಿನವರ ನಡತೆಯನ್ನು ಅಳೆಯುವಾಗ ನಾವು ಸನ್ನಿವೇಶವನ್ನು ಮರೆತು ಗುಣಕ್ಕೇ ಜಾಸ್ತಿ ತೂಕ ಕೊಡುವ ಈ ಎಡವಟ್ಟಿಗೆ ಮನಶ್ಶಾಸ್ತ್ರಜ್ಞ ಲೀ ರಾಸ್ 1977ರಲ್ಲಿ ಒಂದು ಹೆಸರೇ ಕೊಟ್ಟರು. ಇಲ್ಲಿ ಇಬ್ಬರ ಹತ್ತಿರವೂ ಅದೇ ಇತ್ತು. ಬಿಲ್ಲಿಂಗ್‌ನವರಿಗೆ ಮಾರಾಟ ವಿಭಾಗದಿಂದ ಕೊನೆಯ ಅಂಕಿಗಳು ಬರುತ್ತಿದ್ದದ್ದೇ 28ಕ್ಕೆ. ಅಕೌಂಟ್ಸ್‌ನವರ ಪ್ರಕಾರ ಅವರು ಸೋಮಾರಿ. ಅಕೌಂಟ್ಸ್‌ನವರಿಗೆ ಹಳೆಯ ಪೆಟ್ಟಿನ ಭಯ. ಬಿಲ್ಲಿಂಗ್‌ನವರ ಪ್ರಕಾರ ಅವರು ಚಾಡಿಕೋರರು. ಇದೆಲ್ಲ ನನಗೆ ಕಂಡಿತು ನಿಜ, ಆದರೆ ನಾನು ಇಬ್ಬರಿಗೂ ಹೇಳಲಿಲ್ಲ. ನಾನು ಹೇಳಿದ್ದರೆ ಅದು ಇನ್ನೊಬ್ಬರ ಪರ ವಕಾಲತ್ತು ಆಗುತ್ತಿತ್ತು. ಅವರ ಬಾಯಿಂದಲೇ ಬರಬೇಕು. ಭೇಟಿ ಮುಗಿಯುವಾಗ ಇಷ್ಟು ಮಾತ್ರ ಕೇಳಿದೆ: "ಇದರಲ್ಲಿ ಯಾವುದನ್ನು ಅವರ ಮುಂದೆ ನೀವೇ ಹೇಳ್ತೀರಿ? ಯಾವುದು ನನ್ನ ಹತ್ತಿರವೇ ಇರಲಿ?"

ಒಟ್ಟಿಗೆ ಕೂರಲು ತಿಂಗಳ ಹತ್ತನೇ ತಾರೀಖಿನ ಆಸುಪಾಸು ಆರಿಸಿಕೊಂಡೆ. ಕೆಲಸದ ಒತ್ತಡ ಇಲ್ಲದ ದಿನ. ಸಮಯ ಒಂದೂವರೆ ಗಂಟೆ, ಮೀಟಿಂಗ್ ರೂಮಿನ ಬಾಗಿಲಿಗೆ ಗಾಜು ಇರಬಾರದು. ಎದುರು ಬದುರು ಕೂರಿಸಲಿಲ್ಲ. ಮೇಜಿನ ಮೂಲೆಯ ಎರಡು ಬದಿಗೆ ಒಬ್ಬೊಬ್ಬರು, ಎದುರಿಗೆ ನಾನು. ಒಬ್ಬರನ್ನೊಬ್ಬರು ನೋಡಬಹುದು, ನೋಡಲೇಬೇಕು ಅಂತೇನಿಲ್ಲ. ನಿಯಮ ಎರಡೇ: ಒಬ್ಬರು ಮಾತಾಡುವಾಗ ಇನ್ನೊಬ್ಬರು ಬಾಯಿ ಹಾಕುವುದಿಲ್ಲ, ಸಾಕು ಅನ್ನಿಸಿದರೆ ಎದ್ದು ಹೋಗುವ ಬದಲು ವಿರಾಮ ಕೇಳಬೇಕು. ಯಾರು ಮೊದಲು ಅನ್ನುವುದನ್ನು ಅವರೆದುರೇ ಚೀಟಿ ಎತ್ತಿ ನಿರ್ಧರಿಸಿದೆ. ಮಕ್ಕಳಾಟ ಅನ್ನಿಸಬಹುದು. ಆದರೆ ನಾನು ಆರಿಸಿದ್ದರೆ ಅದಕ್ಕೂ ಅರ್ಥ ಹುಡುಕುತ್ತಿದ್ದರು.

ತಲಾ ಹತ್ತು ನಿಮಿಷ. ಪೂರ್ತಿ ಇತಿಹಾಸ ಬೇಡ, ಒಂದೇ ಘಟನೆ. ಹೇಳಿ ಮುಗಿದ ಮೇಲೆ ಕೇಳಿದವರು ಅದನ್ನು ತಮ್ಮ ಮಾತಿನಲ್ಲಿ ಮತ್ತೆ ಹೇಳಬೇಕು. ಒಪ್ಪಬೇಕಾಗಿಲ್ಲ, ಹೇಳಿದರೆ ಸಾಕು. "ಹೌದು, ನಾನು ಹೇಳಿದ್ದು ಅದೇ" ಅಂತ ಮೊದಲನೆಯವರು ಅನ್ನುವ ತನಕ ಮುಂದಿನ ಸರದಿ ಇಲ್ಲ.

ಕಷ್ಟ ಇರುವುದು ಇಲ್ಲೇ. ನಮ್ಮ ಭಾಷೆಯ ಒಂದು ಪುಟ್ಟ ಪ್ರತ್ಯಯ ಇಲ್ಲಿ ಕಾಲಿಗೆ ಸಿಕ್ಕಿಕೊಳ್ಳುತ್ತದೆ. ಬಿಲ್ಲಿಂಗ್‌ನವರು ಹೇಳಿದ್ದು ಹೀಗೆ: "ಇವರೊಬ್ಬರನ್ನೇ ಬೈದರಂತೆ. ತುಂಬ ಬೇಜಾರಾಯ್ತಂತೆ." ಮಾತಿನಲ್ಲಿ ತಪ್ಪಿಲ್ಲ. ಆದರೆ ಆ "ಅಂತೆ" ಕೇಳಿದ ತಕ್ಷಣ ಅಕೌಂಟ್ಸ್‌ನವರ ಮುಖ ಕೆಂಪಾಯಿತು. ಅಂತೆ ಅಂದರೆ "ನನಗೆ ಗೊತ್ತಿಲ್ಲ, ಅವರು ಹೇಳ್ತಾರೆ, ನಂಬೋದು ಬಿಡೋದು ನಿಮಗೆ ಬಿಟ್ಟದ್ದು" ಅಂತ ತಾನೇ? ಮತ್ತೆ "ಇವರು" ಅನ್ನುವುದು ಬೇರೆ. ಪಕ್ಕದಲ್ಲೇ ಕೂತವರನ್ನು ಮೂರನೆಯವರ ಹಾಗೆ ತೋರಿಸಿ ನನ್ನ ಜೊತೆ ಮಾತಾಡುತ್ತಿದ್ದರು. ನಾನು ತಡೆದು, "ಅವರ ಕಡೆ ತಿರುಗಿ, ನೀವು ಅಂತ ಹೇಳಿ. ಅಂತೆ ಬೇಡ" ಅಂದೆ. ಸುಮಾರು ಹೊತ್ತು ಸುಮ್ಮನಿದ್ದರು. ಆಮೇಲೆ "ಆವತ್ತು ನಿಮ್ಮೊಬ್ಬರನ್ನೇ ಬೈದರು. ನನ್ನ ಫೈಲ್‌ನ ತಪ್ಪಿಗೆ" ಅಂದರು. ಎರಡನೆಯ ವಾಕ್ಯ ನಾನು ಕೇಳಿದ್ದಲ್ಲ.

ಅಲ್ಲಿಂದ ಎಲ್ಲ ಸರಾಗವಾಯಿತು ಅಂತ ತಿಳಿಯಬೇಡಿ. ಐದೇ ನಿಮಿಷಕ್ಕೆ ಮತ್ತೆ "ಇವರಿಗೆ ಹೇಳಿ ಮೇಡಂ" ಶುರುವಾಯಿತು. ಆದರೂ ಈ ಸರ್ವನಾಮದ ಮೇಲೆ ಒಂದು ಕಣ್ಣಿಡಿ. "ಇವರು" ಹೋಗಿ "ನೀವು" ಬರುವುದು, ಅವರ ಕಣ್ಣು ನಿಮ್ಮನ್ನು ಬಿಟ್ಟು ಎದುರಿನವರ ಕಡೆ ಹೋಗುವುದು, ಇವೆರಡೂ ಕೋಣೆಯ ಹವಾ ಬದಲಾಗುತ್ತಿರುವ ಗುರುತು. ಆಗ ನೀವು ಬಾಯಿ ಮುಚ್ಚಿಕೊಂಡಿದ್ದರೆ ಒಳ್ಳೆಯದು. ಮೌನವನ್ನು ತುಂಬಿಸಬೇಕು ಅನ್ನುವ ಆಸೆ ಸೀನಿಯರ್‌ಗಳಿಗೆ ಜಾಸ್ತಿ, ನನಗೂ ಇದೆ.

ಮುಂದಿನದು ಒಮ್ಮತದ ಹುಡುಕಾಟ. ಇಲ್ಲಿ ಬಹಳ ಜನ ತೀರಾ ದೊಡ್ಡದನ್ನು ಹುಡುಕುತ್ತಾರೆ. "ಇಬ್ಬರೂ ಸಂಸ್ಥೆಯ ಒಳಿತಿಗೇ ಅಲ್ವಾ ದುಡಿಯೋದು?" ಅಂದರೆ ಇಬ್ಬರೂ ತಲೆ ಆಡಿಸುತ್ತಾರೆ. ಅಷ್ಟೇ. ಯಾರೂ ಬೇಡ ಅನ್ನಲಾಗದ ಮಾತಿನಿಂದ ನಾಳೆ ಬೆಳಗ್ಗೆ ಏನೂ ಬದಲಾಗುವುದಿಲ್ಲ. ಬೇಕಾದದ್ದು ಚಿಕ್ಕದು, ಕೆಲಸದ ಮೇಜಿನ ಮಟ್ಟದ್ದು.

ಮೇರಿ ಪಾರ್ಕರ್ ಫಾಲೆಟ್ ಅನ್ನುವ ಅಮೆರಿಕದ ಚಿಂತಕಿ 1925ರ ಒಂದು ಉಪನ್ಯಾಸದಲ್ಲಿ ತಮ್ಮದೇ ಅನುಭವ ಹೇಳಿದ್ದರು. ಗ್ರಂಥಾಲಯದ ಒಂದು ಸಣ್ಣ ಕೋಣೆಯಲ್ಲಿ ಒಬ್ಬರಿಗೆ ಕಿಟಕಿ ತೆರೆಯಬೇಕಿತ್ತು, ಫಾಲೆಟ್‌ಗೆ ಮುಚ್ಚಿರಬೇಕಿತ್ತು. ಅವರು ಪಕ್ಕದ ಖಾಲಿ ಕೋಣೆಯ ಕಿಟಕಿ ತೆರೆದರು. ಅವರಿಗೆ ಈ ಕಿಟಕಿಯೇ ಬೇಕಿರಲಿಲ್ಲ, ಗಾಳಿ ಬೇಕಿತ್ತು. ಇವರಿಗೆ ಕಿಟಕಿ ಮುಚ್ಚಬೇಕು ಅಂತಿರಲಿಲ್ಲ, ಬಡಗಣ ಗಾಳಿ ನೇರ ಮೈಗೆ ಬಡಿಯಬಾರದಿತ್ತು. ಅರ್ಧ ಕಿಟಕಿ ತೆರೆದಿದ್ದರೆ ಇಬ್ಬರಿಗೂ ಅಸಮಾಧಾನವೇ ಉಳಿಯುತ್ತಿತ್ತು.

ನಮ್ಮ ಪ್ರಕರಣದಲ್ಲಿ ಬಿಲ್ಲಿಂಗ್‌ನವರ ಬೇಡಿಕೆ "ಸಿಸಿ ಹಾಕಬಾರದು". ಅಕೌಂಟ್ಸ್‌ನವರದು "ಫೈಲ್ 25ಕ್ಕೆ ಬರಬೇಕು". ಅರ್ಧ ಕಿಟಕಿ ಅಂದರೆ 27ಕ್ಕೆ ಫೈಲ್, ವಾರಕ್ಕೊಂದು ಸಿಸಿ. ಅದು ಎರಡು ತಿಂಗಳೂ ಬಾಳುವುದಿಲ್ಲ. ಹಾಗಾಗಿ ಇಬ್ಬರಿಗೂ ಒಂದೇ ಪ್ರಶ್ನೆ ಕೇಳಿದೆ: "ಅದು ಸಿಕ್ಕರೆ ನಿಮಗೆ ಏನು ತಪ್ಪುತ್ತೆ?" ಅಕೌಂಟ್ಸ್‌ನವರು, "ಕೊನೆ ದಿನ ರಾತ್ರಿ ಒಬ್ಬಳೇ ತಪ್ಪು ಹುಡುಕೋದು ತಪ್ಪುತ್ತೆ. ಮತ್ತೆ ಒಬ್ಬಳೇ ಬೈಸಿಕೊಳ್ಳೋದು" ಅಂದರು. ಬಿಲ್ಲಿಂಗ್‌ನವರು, "ಸರಿ ಮಾಡೋಕೆ ಅವಕಾಶ ಸಿಗೋ ಮೊದಲೇ ದಡ್ಡ ಅನ್ನಿಸಿಕೊಳ್ಳೋದು ತಪ್ಪುತ್ತೆ" ಅಂದರು. ಈಗ ನೋಡಿ. ಇಬ್ಬರಿಗೂ ಇರುವ ಭಯ ಒಂದೇ: ತಪ್ಪು ತಮ್ಮೊಬ್ಬರ ತಲೆಗೇ ಬರುವುದು. ಆ ಚಿಕ್ಕ ಜಾಗದಲ್ಲೇ ಇಬ್ಬರೂ ನಿಲ್ಲಬಹುದಿತ್ತು. ಬೋರ್ಡ್ ಮೇಲೆ ಒಂದೇ ಸಾಲು ಬರೆದೆ: "ತಪ್ಪು ಬೇಗ ಸಿಗಬೇಕು, ದಾಖಲೆ ಇರಬೇಕು, ಯಾರ ಮಾನವೂ ಹೋಗಬಾರದು, ಹೇಗೆ?" ಸಿಸಿ ಅನ್ನುವ ಪದ ಅದರಲ್ಲಿ ಇರಲಿಲ್ಲ, ಬೇಕಂತಲೇ.

ಈ ಹಂತದಲ್ಲಿ ಒಂದು ವಿರಾಮ ಕೊಟ್ಟು ತಲಾ ಹತ್ತು ನಿಮಿಷ ಬೇರೆಯಾಗಿ ಮಾತಾಡಿದೆ. ಎದುರಿಗೆ ಹೇಳಿದರೆ ಸೋತ ಹಾಗೆ ಅನ್ನಿಸುವ ಮಾತು ಅಲ್ಲಿ ಹೊರಗೆ ಬರುತ್ತದೆ. 25ಕ್ಕೆ ಪೂರ್ತಿ ಫೈಲ್ ಸಾಧ್ಯವಿಲ್ಲ, ಆದರೆ ಮುಕ್ಕಾಲು ಪಾಲು ಬಿಲ್ ಆಗ ಸಿದ್ಧ ಇರುತ್ತೆ ಅಂತ ಬಿಲ್ಲಿಂಗ್‌ನವರು ಹೇಳಿದ್ದು ಆಗಲೇ. "ಮತ್ತೆ ಇಷ್ಟು ದಿನ ಯಾಕೆ ಕೊಡಲಿಲ್ಲ?" ಅಂತ ಕೇಳಲು ನನ್ನ ನಾಲಿಗೆ ತುದಿಗೆ ಬಂದಿತ್ತು. ಕೇಳಲಿಲ್ಲ. "ಇದನ್ನು ನೀವೇ ಹೇಳ್ತೀರಾ, ನಾನು ಹೇಳಲಾ?" ಅಂದೆ. ಅವರೇ ಹೇಳಿದರು.

ಒಪ್ಪಂದ ಬರೆಯುವಾಗ "ಪರಸ್ಪರ ಗೌರವದಿಂದ ನಡೆದುಕೊಳ್ಳುವುದು" ಅನ್ನುವಂಥ ವಾಕ್ಯ ಬಂದರೆ ಹೊಡೆದು ಹಾಕಿ. ನಡೆಯಿತೋ ಇಲ್ಲವೋ ಅಂತ ಮೂರನೆಯವರು ನೋಡಿ ಹೇಳುವ ಹಾಗಿರಬೇಕು. ಇವರದರಲ್ಲಿ ನಾಲ್ಕು ಸಾಲು ಇತ್ತು. ಸಿದ್ಧ ಇರುವ ಬಿಲ್‌ಗಳು 25ಕ್ಕೆ, ಉಳಿದವು ಕೊನೆಯ ದಿನ ಮಧ್ಯಾಹ್ನ 12ಕ್ಕೆ, ಏನು ಬಾಕಿ ಇದೆ ಅನ್ನುವ ಪಟ್ಟಿ ಜೊತೆಗೆ. ತಪ್ಪು ಸಿಕ್ಕರೆ ಇಬ್ಬರೂ ತೆರೆಯಬಹುದಾದ ಒಂದು ಶೀಟ್‌ನಲ್ಲಿ ತಾರೀಖು ಹಾಕಿ ಬರೆಯುವುದು, ಅದೇ ದಾಖಲೆ. ಒಂದು ಕೆಲಸದ ದಿನದೊಳಗೆ ಸರಿಯಾಗದಿದ್ದರೆ ಮಾತ್ರ ಮ್ಯಾನೇಜರ್‌ಗೆ, ಅದೂ ಇನ್ನೊಬ್ಬರಿಗೆ ತಿಳಿಸಿ. ಪ್ರತಿ ತಿಂಗಳು 24ಕ್ಕೆ ಹತ್ತು ನಿಮಿಷ ಎದುರೆದುರು ಮಾತು. ಅವಧಿ ಎರಡು ತಿಂಗಳು, ಯಾಕೆಂದರೆ ಎರಡು ಕ್ಲೋಸಿಂಗ್ ದಾಟದೆ ಇದು ನಡೆಯುತ್ತೋ ಇಲ್ವೋ ಗೊತ್ತಾಗುವುದಿಲ್ಲ. ನಿಮ್ಮಲ್ಲೂ ಹಾಗೇ, ಜಗಳ ಹುಟ್ಟುವ ಆ ಕೆಲಸ ಎರಡು ಸಲವಾದರೂ ಬಂದು ಹೋಗುವಷ್ಟು ಅವಧಿ ಇಡಿ.

ಕ್ಷಮೆ ಕೇಳಿಸಲು ಮಾತ್ರ ಹೋಗಬೇಡಿ. ಕೈ ಕುಲುಕಿಸಲೂ ಬೇಡ. ನಾಲ್ಕು ವರ್ಷದ ಕಹಿ ಇರುವಲ್ಲಿ ಸೀನಿಯರ್ ಮುಂದೆ ಕೇಳಿದ ಕ್ಷಮೆಯನ್ನು ಕೇಳಿದವರೂ ನಂಬುವುದಿಲ್ಲ, ಕೇಳಿಸಿಕೊಂಡವರೂ ನಂಬುವುದಿಲ್ಲ. ನಮ್ಮಲ್ಲಿ ಅದು ಬರಲೇ ಇಲ್ಲ. ಹೊರಡುವಾಗ ಅಕೌಂಟ್ಸ್‌ನವರು "ಆ ಮೊದಲನೇ ಮೇಲ್ ಅಷ್ಟು ಜನಕ್ಕೆ ಹೋಗಬಾರದಿತ್ತೇನೋ" ಅಂದರು. ಕಳಿಸಬಾರದಿತ್ತು ಅಂತ ಅಲ್ಲ, ಹೋಗಬಾರದಿತ್ತೇನೋ ಅಂತ. ಬಿಲ್ಲಿಂಗ್‌ನವರಿಗೆ ಅಷ್ಟು ಸಾಕಾಯಿತು. ನಾನು ತಿದ್ದಲು ಹೋಗಲಿಲ್ಲ.

ನಿಮಗೆ ಅಡ್ಡ ಬರಬಹುದಾದ ಎರಡು ವಿಷಯ ಹೇಳಿಬಿಡುತ್ತೇನೆ. ಅರ್ಧ ಗಂಟೆಯಲ್ಲೇ "ಸರಿ ಸರ್, ನಮ್ಮಿಂದ ತೊಂದರೆ ಆಗಲ್ಲ" ಅಂತ ಇಬ್ಬರೂ ಒಪ್ಪಿಬಿಟ್ಟರೆ ಖುಷಿಪಡಬೇಡಿ. ಅವರು ಒಪ್ಪಿದ್ದು ನಿಮ್ಮ ಹಿರಿತನಕ್ಕೆ. "ಹಾಗಾದರೆ ಮುಂದಿನ ಸಲ ಫೈಲ್ ತಡವಾದರೆ ನೀವು ಮೊದಲು ಏನು ಮಾಡ್ತೀರಿ?" ಅಂತ ಕೇಳಿ. ಉತ್ತರ ತಡವರಿಸಿದರೆ ಒಪ್ಪಂದ ಇನ್ನೂ ಆಗಿಲ್ಲ. ಎರಡನೆಯದು, ಅವರು ನಿಮ್ಮಿಂದ ತೀರ್ಪು ಕೇಳುತ್ತಾರೆ. "ನೀವೇ ಹೇಳಿ, ತಪ್ಪು ಯಾರದು?" ಕೇಳಿದ ಕ್ಷಣ ಇಡೀ ಕೋಣೆ ನಿಮ್ಮ ಬಾಯಿ ನೋಡುತ್ತದೆ. "ಇಬ್ಬರದೂ ಸ್ವಲ್ಪ ಸ್ವಲ್ಪ" ಅನ್ನುವ ಜಾಣತನವೂ ತೀರ್ಪೇ, ಅದಕ್ಕೆ ಇಬ್ಬರೂ ಸಿಟ್ಟಾಗುತ್ತಾರೆ. "ಅದನ್ನು ಹೇಳೋಕೆ ನಾನು ಕೂತಿಲ್ಲ. ಮುಂದಿನ ತಿಂಗಳು ಹೇಗೆ ನಡೀಬೇಕು ಅಂತ ನಿಮಗೆ ಸಹಾಯ ಮಾಡೋಕೆ ಕೂತಿದ್ದೀನಿ" ಅಂತ ನೇರವಾಗಿ ಹೇಳಿ.

ನಿಮ್ಮ ವಿಷಯದಲ್ಲಿ ಈಗಾಗಲೇ ಒಂದು ಸಲ ಮುರಿದಿದೆಯಲ್ಲ, ಅದರ ಭಾರ ನೀವು ಹೊತ್ತುಕೊಳ್ಳಿ. ಇಬ್ಬರಿಗೂ ಬೇರೆ ಬೇರೆಯಾಗಿ ಹೋಗಿ "ಹೋದ ಸಲ ನಾನು ಅವಸರ ಮಾಡಿದೆ, ನಿಮ್ಮ ಮಾತು ಪೂರ್ತಿ ಕೇಳದೆ ಕೂರಿಸಿದೆ" ಅನ್ನಿ. ಎದ್ದು ಹೋದವರಿಗೆ ಇದರಿಂದ ತಿರುಗಿ ಬರಲು ಒಂದು ದಾರಿ ಸಿಗುತ್ತದೆ. ಕೂತೇ ಇದ್ದವರಿಗೂ ಇದೇ ಮಾತನ್ನು ಹೇಳಿ. ಇಲ್ಲದಿದ್ದರೆ ಎದ್ದು ಹೋದವರನ್ನು ಓಲೈಸಿದಿರಿ ಅಂತಾಗುತ್ತದೆ.

ಮೊದಲ ಕ್ಲೋಸಿಂಗ್‌ನಲ್ಲೇ ಒಂದು ತಪ್ಪು ಹೆಜ್ಜೆ ಬಿತ್ತು. ಅಕೌಂಟ್ಸ್‌ನವರು ಅಭ್ಯಾಸಬಲದಿಂದ ಒಂದು ಮೇಲ್‌ಗೆ ಮ್ಯಾನೇಜರ್ ಸಿಸಿ ಹಾಕಿಬಿಟ್ಟರು. ಬಿಲ್ಲಿಂಗ್‌ನವರು ನನಗೆ ಫೋನ್ ಮಾಡಿ "ನೋಡಿ ಮೇಡಂ, ನಾನು ಹೇಳಿರಲಿಲ್ವಾ?" ಅಂದರು. "ಅವರ ಹತ್ತಿರ ಹೇಳಿದ್ರಾ?" ಅಂತ ಕೇಳಿದೆ. ಇಲ್ಲ. "ಹೇಳಿ ನೋಡಿ, ಆಮೇಲೂ ಬೇಕಿದ್ದರೆ ಕೂರೋಣ" ಅಂದೆ. ಮತ್ತೆ ಫೋನ್ ಬರಲಿಲ್ಲ. ಇಂಥ ಹೊತ್ತಲ್ಲಿ ನೀವೇ ಓಡಿಹೋಗಿ ಸರಿಮಾಡಿದರೆ ಜೀವನಪೂರ್ತಿ ಇಬ್ಬರ ನಡುವಿನ ಅಂಚೆಯವರಾಗಿ ಉಳಿಯುತ್ತೀರಿ.

ಎರಡು ತಿಂಗಳ ನಂತರ ಮೂವರೂ ಅರ್ಧ ಗಂಟೆ ಕೂತೆವು. ಶೀಟ್ ನಡೆಯುತ್ತಿತ್ತು, 25ರ ಫೈಲ್ ಒಂದು ಸಲ ಒಂದು ದಿನ ತಡವಾಗಿತ್ತು. ಸ್ನೇಹಿತರಾಗಿದ್ದರಾ? ಇಲ್ಲ. ಈಗಲೂ ಆಗಿಲ್ಲ. 24ನೇ ತಾರೀಖಿನ ಹತ್ತು ನಿಮಿಷದ ಮಾತನ್ನು ಅವರು ಎರಡನೇ ತಿಂಗಳಿಗೇ ಬಿಟ್ಟಿದ್ದರು, ನನ್ನನ್ನು ಕೇಳದೆ. ಯಾಕೆ ಅಂದೆ. "ಬೇಕಾದಾಗ ಹೋಗಿ ಕೇಳ್ತೀವಿ ಮೇಡಂ, ಅದಕ್ಕೊಂದು ತಾರೀಖು ಯಾಕೆ?" ಅಂದರು ಬಿಲ್ಲಿಂಗ್‌ನವರು. ಆ ಸಾಲನ್ನು ಅಲ್ಲೇ ಹೊಡೆದು ಹಾಕಿದೆವು.